ಗಾಡಿ ನಂಬರ್ ಕೊಡ್ರಿ ಅಂದ್ರ ಯಾವ ಗಾಡಿದು?

1/7

ಮೊದಲನೇ ಫೋಟೋದಾಗ ಕಾಣ್ತಿರೋ ಮಡಚಿ ಮಡಚಿ ಸವೆದ ಗುಲಾಬಿ ಹಾಳೆ ಒಂದು ಎಲ್ಆರ್. ಲಾರಿ ರಸೀದಿ. ನಮ್ಮ ಕಡೆ ಹಳಬರು ಬಿಲ್ಟಿ ಅಂತಾರೆ. ಇದು ಮೂರು ದಿನ ನಮ್ಮ ಮಾಮಾನ ಅಂಗಿ ಕಿಸೆಯಲ್ಲಿತ್ತು. ಆ ಮೂರು ದಿನ ಆರು ಬಾಕ್ಸ್ ಚಪ್ಪಲಿ ಎಲ್ಲಿದೆ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ.

ಮಾಮಾಂದು ಅಥಣಿಯಲ್ಲಿ ಚಪ್ಪಲಿ ವ್ಯಾಪಾರ. ಜಗತ್ತು ಕೊಲ್ಹಾಪುರಿ ಅಂತ ಕರೆಯೋ ಚಪ್ಪಲಿ ಅಥಣಿಯಲ್ಲಿ, ಮದಭಾವಿಯಲ್ಲಿ, ನಿಪ್ಪಾಣಿ ಕಡೆಯಲ್ಲೂ ತಯಾರಾಗುತ್ತೆ. ಅದರ ಜಿಐ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಯ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಇವೆ. ಇದನ್ನ ನಮ್ಮ ಕ್ಲಾಸಿನವರಿಗೇ ಎಷ್ಟು ಸಲ ಹೇಳಿದ್ದೀನೋ ನೆನಪಿಲ್ಲ, ಇನ್ನೊಮ್ಮೆ ಹೇಳಿದೆ.

ಬೆಂಗಳೂರಿನ ಒಬ್ಬ ಅಂಗಡಿಯವರು ಶನಿವಾರ-ಭಾನುವಾರದ ಸ್ಟಾಲ್‌ಗೆ ಅಂತ 120 ಜೋಡಿ ಕೇಳಿದ್ದರು. ಜೋಡಿಗೆ 600 ರೂಪಾಯಿ, ಒಟ್ಟು 72,000, ಮೇಲೆ ಶೇ. 5 ಜಿಎಸ್‌ಟಿ 3,600. ಬಿಲ್ಲಿನ ಮೊತ್ತ 75,600. ಒಂದು ಬಾಕ್ಸಿಗೆ ಇಪ್ಪತ್ತು ಜೋಡಿಯಂತೆ ಆರು ಬಾಕ್ಸ್ ಕಟ್ಟಿದೆವು. ಸೋಮವಾರ ಸಂಜೆ ಪಾರ್ಸಲ್ ಲಾರಿ ಆಫೀಸಿನಲ್ಲಿ ಬುಕ್ ಮಾಡಿದ್ದು ಮಾಮಾ. ಬಿಲ್ಲು, ಇ-ವೇ ಬಿಲ್ಲು ಮಾಡಿದ್ದು ನಾನು. ಬಿಕಾಂ ಓದ್ತೀನಲ್ಲ, ಮನೆಯಲ್ಲಿ ಆ ಖಾತೆ ನಂದೇ.

ಗುರುವಾರ ಬೆಳಿಗ್ಗೆ ಬೆಂಗಳೂರಿನಿಂದ ಫೋನ್. "ಸರ್, ಮಾಲು ಇನ್ನೂ ಬಂದಿಲ್ಲ. ನಾಡಿದ್ದು ಸ್ಟಾಲ್. ಟ್ರ್ಯಾಕ್ ಮಾಡೋಕೆ ಏನಾದ್ರೂ ಡೀಟೇಲ್ಸ್ ಕಳಿಸಿ."

ಏನಾದ್ರೂ ಅಂದ್ರೆ ಏನು? ಅದೇ ಈ ಸರಣಿ.

2/7

ನಾನು ಮಾಡಿದ ಮೊದಲನೇ ಕೆಲಸ, ಬುಕಿಂಗ್ ಆಫೀಸಿಗೆ ಫೋನ್ ಹಚ್ಚಿ "ಅಣ್ಣಾರ, ನಮ್ಮ ಬೆಂಗಳೂರಿನ ಮಾಲಿನ ಗಾಡಿ ನಂಬರ್ ಕೊಡ್ರಿ" ಅಂದಿದ್ದು. ಅವರು ಒಂದು ಕೆಎ-23 ನಂಬರ್ ಕೊಟ್ಟರು. ಕೆಎ-23 ಅಂದ್ರೆ ನಮ್ಮ ಚಿಕ್ಕೋಡಿ ಆರ್‌ಟಿಓದು. ಡ್ರೈವರ್ ನಂಬರೂ ಕೊಟ್ಟರು. ನನಗೆ ಖುಷಿ, ಐದೇ ನಿಮಿಷದಲ್ಲಿ ಕೆಲಸ ಆಯ್ತು ಅಂತ ಅದನ್ನ ಬೆಂಗಳೂರಿಗೂ ಕಳಿಸಿಬಿಟ್ಟೆ.

ಆಮೇಲೆ ಡ್ರೈವರಿಗೆ ಫೋನ್ ಮಾಡಿದೆ.

"ಅಣ್ಣಾ, ಎಲ್ಲಿದೀರಿ?"

"ಅಥಣಿಯಾಗ ಅದೀನ್ರಿ. ಚಾ ಕುಡಿಯಾಕತ್ತೀನಿ. ಯಾಕ್ರಿ?"

ಸೋಮವಾರ ಹೊರಟ ಗಾಡಿ ಗುರುವಾರ ಅಥಣಿಯಲ್ಲಿ ಚಾ ಕುಡೀತಿದೆ! ನನ್ನ ಎದೆ ಧಸಕ್ಕಂತು. ಮಾಲು ಗಾಡಿಗೇ ಏರಿಲ್ಲ ಅಂದುಕೊಂಡೆ. ಡ್ರೈವರ್ ನಕ್ಕು ಹೇಳಿದ: "ನಿಮ್ಮ ನಗ ನಾ ಮಂಗಳವಾರ ನಸುಕಿನ್ಯಾಗ ಹುಬ್ಬಳ್ಳಿ ಗೋದಾಮಿಗೆ ಇಳಿಸೇನ್ರಿ. ಅಲ್ಲಿಂದ ಮುಂದ ನಂದಲ್ಲರಿ. ನಾ ದಿನಾ ಹೋಗಿ ಬರಾಂವ."

ಆಗ ಬುದ್ಧಿ ಬಂತು. ಡ್ರೈವರ್ ಸುಳ್ಳು ಹೇಳಿಲ್ಲ, ಬುಕಿಂಗಿನ ಅಣ್ಣನೂ ಸುಳ್ಳು ಹೇಳಿಲ್ಲ. ನಾನು ಕೇಳಿದ ಪ್ರಶ್ನೆಯೇ ಅರ್ಧ ಇತ್ತು.

3/7

ಇಲ್ಲಿ ಸ್ವಲ್ಪ ನಿಂತು ಕೇಳ್ರಿ, ಯಾಕಂದ್ರೆ ಎಲ್ಲರೂ ಎಡವೋದು ಇಲ್ಲೇ.

ಲಾರಿಯಲ್ಲಿ ಮಾಲು ಹೋಗೋದು ಎರಡು ಥರ. ಒಂದು ಫುಲ್ ಲೋಡ್. ಉಗಾರದ ಕಡೆಯೋ ರಾಯಬಾಗದ ಕಡೆಯೋ ಸಕ್ಕರೆ ಕಾರ್ಖಾನೆಯಿಂದ ಸಕ್ಕರೆ ತುಂಬಿದ ಲಾರಿ ಹೊರಟರೆ, ತುಂಬಿದ ಗಾಡಿಯೇ ಇಳಿಸೋ ಜಾಗಕ್ಕೂ ಹೋಗುತ್ತೆ. ಅಲ್ಲಿ ಗಾಡಿ ನಂಬರು, ಡ್ರೈವರ್ ಮೊಬೈಲು ಇದ್ದರೆ ಸಾಕು. ಲಾರಿ ಎಲ್ಲಿದೆಯೋ ಮಾಲು ಅಲ್ಲಿದೆ.

ಇನ್ನೊಂದು ಪಾರ್ಸಲ್. ನಿಮ್ಮ ಆರು ಬಾಕ್ಸು, ಇನ್ನೊಬ್ಬರ ಹತ್ತು ಚೀಲ, ಮತ್ತೊಬ್ಬರ ಮೋಟಾರು, ಎಲ್ಲ ಸೇರಿ ಒಂದು ಗಾಡಿ. ಅಥಣಿಯಂಥ ಊರಿಂದ ಬೆಂಗಳೂರಿಗೇ ದಿನಾ ಒಂದು ಗಾಡಿ ತುಂಬೋವಷ್ಟು ಮಾಲು ಸಿಗಲ್ಲ. ಅದಕ್ಕೆ ಸಣ್ಣ ಗಾಡಿಯಲ್ಲಿ ಹುಬ್ಬಳ್ಳಿಗೆ ಒಯ್ದು, ಅಲ್ಲಿ ಇಳಿಸಿ, ಊರ ಪ್ರಕಾರ ಬೇರೆ ಮಾಡಿ, ದೊಡ್ಡ ಲಾರಿಗೆ ಹಾಕ್ತಾರೆ. ಬೆಂಗಳೂರಿಗೆ ಹೋದ ಮೇಲೆ ಅಂಗಡಿ ಬಾಗಿಲಿಗೆ ಮುಟ್ಟಿಸೋದು ಮತ್ತೊಂದು ಸಣ್ಣ ಗಾಡಿ. ಒಂದೇ ಬಾಕ್ಸು, ಮೂರು ಗಾಡಿ, ಮೂರು ನಂಬರು, ಮೂರು ಡ್ರೈವರು.

ಈ ಮೂರರಲ್ಲೂ ಬದಲಾಗದೇ ಇರೋದು ಒಂದೇ: ಎಲ್ಆರ್ ನಂಬರ್. ಗಾಡಿ ನಂಬರ್ ಅನ್ನೋದು ಬಸ್ಸಿನ ನಂಬರ್ ಇದ್ದಂಗ, ಎಲ್ಆರ್ ನಂಬರ್ ನಿಮ್ಮ ಟಿಕೆಟ್ ಇದ್ದಂಗ. ಬಸ್ ಬದಲಾದ್ರೂ ನಿಮ್ಮ ಊರು ಬದಲಾಗಲ್ಲವಲ್ಲ.

ಹಾಗಾದ್ರೆ ಟಿಕೆಟ್ಟನ್ನೂ ಬಸ್ಸನ್ನೂ ಜೋಡಿಸೋದು ಯಾವುದು? ಲೋಡಿಂಗ್ ಚಲನ್. ಪ್ರತಿ ಸಲ ಗಾಡಿ ತುಂಬಿದಾಗ ಗೋದಾಮಿನವರು ಒಂದು ಪಟ್ಟಿ ಮಾಡ್ತಾರೆ. ಮೇಲೆ ಗಾಡಿ ನಂಬರು, ಡ್ರೈವರ್ ಹೆಸರು, ಎಲ್ಲಿಂದ ಎಲ್ಲಿಗೆ, ತಾರೀಖು. ಕೆಳಗೆ ಸಾಲಾಗಿ ಆ ಗಾಡಿಗೆ ಏರಿದ ಎಲ್ಆರ್ ನಂಬರುಗಳು, ಪ್ರತಿಯೊಂದರ ಮುಂದೆ ಎಷ್ಟು ನಗ ಏರಿದವು ಅಂತ. ನಗ ಅಂದ್ರೆ ಎಣಿಕೆ, ಆರು ಬಾಕ್ಸ್ ಅಂದ್ರೆ ಆರು ನಗ. ನಿಮ್ಮ ಎಲ್ಆರ್ ಯಾವ ಚಲನ್‌ನಲ್ಲಿ ಇದೆಯೋ ನಿಮ್ಮ ಮಾಲು ಆ ಗಾಡಿಯಲ್ಲಿದೆ. ಯಾವ ಹೊಸ ಚಲನ್‌ನಲ್ಲೂ ಇಲ್ಲ ಅಂದ್ರೆ ಹಿಂದೆ ಇಳಿದ ಗೋದಾಮಿನಲ್ಲೇ ಇದೆ. "ಗಾಡಿ ಬಿಟ್ಟೈತ್ರಿ, ಬರ್ತೈತಿ" ಅಂತ ಯಾರಾದ್ರೂ ಅಂದಾಗ ಚಲನ್ ನಂಬರ್ ಕೇಳ್ರಿ. ನಿಜಕ್ಕೂ ಬಿಟ್ಟಿದ್ರೆ ಹೇಳ್ತಾರೆ. ಬಿಟ್ಟಿಲ್ಲ ಅಂದ್ರೆ "ನೋಡಿ ಹೇಳ್ತೀನಿ" ಅಂತಾರೆ. ಆ "ನೋಡಿ ಹೇಳ್ತೀನಿ"ಯಲ್ಲೇ ನಿಮಗೆ ಉತ್ತರ ಸಿಕ್ಕಿರುತ್ತೆ.

4/7

ಈಗ ಎಲ್ಆರ್ ಹಾಳೆ ಬೇಕಿತ್ತು. ಮಾಮಾ ರಾಯಬಾಗಕ್ಕೆ ಮದುವೆಗೆ ಹೋಗಿದ್ದ. ಸೋಮವಾರದ ಅಂಗಿ ಮನೆಯಲ್ಲಿ ಒಗೆಯೋಕೆ ಬಿದ್ದಿತ್ತು. ಅತ್ತಿ ಅದನ್ನ ಇನ್ನೂ ನೀರಿಗೆ ಹಾಕಿರಲಿಲ್ಲ, ಅದೊಂದು ಪುಣ್ಯ.

ಎರಡನೇ ಫೋಟೋ ದೊಡ್ಡದು ಮಾಡಿ ನೋಡ್ರಿ. ವಿಳಾಸ, ಜಿಎಸ್‌ಟಿ ನಂಬರ್ ಮುಚ್ಚಿದ್ದೀನಿ. ಬಲಗಡೆ ಮೇಲೆ ಎಲ್ಆರ್ ನಂಬರ್, ಕೊನೆಯ ನಾಲ್ಕಂಕಿ 4417. ಪಕ್ಕದಲ್ಲೇ ತಾರೀಖು. ಕೆಳಗೆ ಕಳಿಸಿದವರು, ಪಡೆಯುವವರು, ನಗ 6, ತೂಕ, ಬಿಲ್ ನಂಬರ್, ಮೌಲ್ಯ, ಬಾಡಿಗೆ ಟು ಪೇ. ಟು ಪೇ ಅಂದ್ರೆ ಬಾಡಿಗೆಯನ್ನ ಮಾಲು ಬಿಡಿಸಿಕೊಳ್ಳೋರು ಕೊಡೋದು. ಡಿಲಿವರಿ ಅನ್ನೋ ಜಾಗದಲ್ಲಿ "ಗೋದಾಮು" ಅಂತ ಇತ್ತು. ನಾವು ಬಾಗಿಲಿಗೆ ಅಂತ ಹೇಳಿದ್ವಿ, ಬರೆದವರು ಗೋದಾಮು ಅಂತ ಬರೆದಿದ್ದರು, ಮಾಮಾ ಓದದೇ ಮಡಚಿ ಕಿಸೆಗೆ ಹಾಕಿದ್ದ. ಅಂದ್ರೆ ಮಾಲು ಬೆಂಗಳೂರು ಮುಟ್ಟಿದ್ರೂ ಗೋದಾಮಿನಲ್ಲಿ ಸುಮ್ನೆ ಕೂತಿರ್ತಿತ್ತು, ಅಂಗಡಿಯವರು ಬಾಗಿಲು ಕಾಯ್ತಾ ಇರ್ತಿದ್ರು.

ಈ ಹಾಳೆ ಬರೀ ಚೀಟಿ ಅಲ್ಲ. 2007ರ ರಸ್ತೆ ಸರಕು ಸಾಗಣೆ ಕಾಯ್ದೆ ಪ್ರಕಾರ ಸಾಗಣೆದಾರರು ಸರಕು ರಸೀದಿಯನ್ನ ಮೂರು ಪ್ರತಿಯಲ್ಲಿ ಮಾಡಬೇಕು, ಮೂಲ ಪ್ರತಿ ಕಳಿಸಿದವರಿಗೆ ಸೇರಬೇಕು. ಮಾಲು ಕಳೆದರೆ ಅಥವಾ ಹಾಳಾದರೆ, ಕೋರ್ಟಿಗೆ ಹೋಗೋ ಮೊದಲು ಬುಕ್ ಮಾಡಿದ ತಾರೀಖಿನಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಎಣಿಕೆ ಶುರುವಾಗೋದು ನಿಮಗೆ ಗೊತ್ತಾದ ದಿನದಿಂದ ಅಲ್ಲ, ಬುಕ್ ಮಾಡಿದ ದಿನದಿಂದ. ಅದಕ್ಕೇ ನಂಬರಿನ ಜೊತೆ ತಾರೀಖೂ ಬೇಕು. ಇನ್ನೊಂದು ಕಾರಣಾನೂ ಇದೆ. ಕೆಲವು ಆಫೀಸಿನಲ್ಲಿ ಎಲ್ಆರ್ ಪುಸ್ತಕ ಬದಲಾದಾಗ ಇಂಥದೇ ಅಂಕಿ ಮತ್ತೆ ಬರಬಹುದು, ತಾರೀಖು ಇಲ್ಲದಿದ್ರೆ ಗೋದಾಮಿನವರು ಬೇರೆಯವರ ಮಾಲು ನೋಡಿ "ಡಿಲಿವರಿ ಆಗೇತಿ" ಅಂದುಬಿಡ್ತಾರೆ.

5/7

ಎಲ್ಆರ್ ಕೈಗೆ ಸಿಕ್ಕ ಮೇಲೆ ಕಂಪ್ಯೂಟರ್ ತೆಗೆದು ewaybillgst.gov.in ಗೆ ಹೋದೆ. ಇದನ್ನ ಕಾಲೇಜಿನಲ್ಲಿ ನಮಗೆ ಪರೀಕ್ಷೆಗೆ ಹೇಳಿಕೊಟ್ಟರು, ಮಾಲು ಹುಡುಕೋಕೆ ಬರುತ್ತೆ ಅಂತ ಯಾರೂ ಹೇಳಲಿಲ್ಲ.

ಮಾಲಿನ ಮೌಲ್ಯ 50,000 ದಾಟಿತ್ತು, ಹಾಗಾಗಿ ಇ-ವೇ ಬಿಲ್ಲು ಬೇಕಿತ್ತು. ಅದರ ಭಾಗ ಎ ತುಂಬಿದ್ದು ನಾನು: ಬಿಲ್ಲು, ಮೌಲ್ಯ, ಎಲ್ಲಿಂದ ಎಲ್ಲಿಗೆ, ಟ್ರಾನ್ಸ್‌ಪೋರ್ಟಿನವರ ಹದಿನೈದು ಅಂಕಿಯ ಐಡಿ. ಭಾಗ ಬಿ ಅಂದ್ರೆ ಗಾಡಿ ನಂಬರ್, ಅದನ್ನ ತುಂಬೋದು ಅವರು. ಹುಬ್ಬಳ್ಳಿಯಲ್ಲಿ ಗಾಡಿ ಬದಲಾದ್ರೆ ಮುಂದಿನ ಗಾಡಿ ಹೊರಡೋ ಮುಂಚೆ ಭಾಗ ಬಿ ಯಲ್ಲಿ ಹೊಸ ನಂಬರ್ ಸೇರಿಸಬೇಕು. ಹಳೇದು ಅಳಿಸಿ ಹೋಗಲ್ಲ, ಒಂದರ ಕೆಳಗೊಂದು ಸಾಲಾಗಿ ಉಳಿಯುತ್ತೆ. ಬಿಲ್ಲು ಮಾಡಿದ ನಮಗೆ Print EWB ಒತ್ತಿದರೆ ಅದೆಲ್ಲ ಕಾಣುತ್ತೆ.

ನಾನು ಒತ್ತಿದೆ. ಒಂದೇ ಸಾಲು. ಅದೇ ಕೆಎ-23, ಸೋಮವಾರ ರಾತ್ರಿ ಹಾಕಿದ್ದು.

ಇದಕ್ಕೆ ಎರಡೇ ಅರ್ಥ. ಒಂದೋ ಮಾಲು ಹುಬ್ಬಳ್ಳಿ ಬಿಟ್ಟಿಲ್ಲ. ಇಲ್ಲವೇ ಬಿಟ್ಟಿದೆ, ಆದರೆ ನಂಬರ್ ಬದಲಾಯಿಸದೇ ಬಿಟ್ಟಿದೆ. ಎರಡನೇದು ಇನ್ನೂ ಕೆಟ್ಟದು. ದಾರಿಯಲ್ಲಿ ತಡೆದರೆ ಬಿಲ್ಲಿನಲ್ಲಿ ಒಂದು ಗಾಡಿ, ರಸ್ತೆ ಮೇಲೆ ಇನ್ನೊಂದು ಗಾಡಿ. ದಂಡ ತೆರಿಗೆಯ ಎರಡು ಪಟ್ಟು, ನಮ್ಮ ಲೆಕ್ಕಕ್ಕೆ 7,200 ರೂಪಾಯಿ. ಅದಕ್ಕಿಂತ ಹೆಚ್ಚಾಗಿ, ಅದು ಇತ್ಯರ್ಥ ಆಗೋವರೆಗೆ ಮಾಲು ಅಲ್ಲೇ.

ಕೆಳಗೆ ಇನ್ನೊಂದು ಸಾಲು ನೋಡಿ ಬೆವರು ಬಂತು: ವ್ಯಾಲಿಡಿಟಿ. 200 ಕಿಲೋಮೀಟರಿಗೆ ಒಂದು ದಿನ, ಉಳಿದ ತುಣುಕಿಗೂ ಒಂದು ದಿನ. ಪೋರ್ಟಲ್ ನಮ್ಮ ದೂರವನ್ನ 600ಕ್ಕಿಂತ ಸ್ವಲ್ಪ ಹೆಚ್ಚು ಅಂತ ತೋರಿಸಿತ್ತು, ಅಂದ್ರೆ ನಾಲ್ಕು ದಿನ. ಭಾಗ ಬಿ ಹಾಕಿದ್ದು ಸೋಮವಾರ. ಮೊದಲನೇ ದಿನ ಮುಗಿಯೋದು ಮಂಗಳವಾರ ಮಧ್ಯರಾತ್ರಿ, ನಾಲ್ಕನೇ ದಿನ ಮುಗಿಯೋದು ಶುಕ್ರವಾರ ಮಧ್ಯರಾತ್ರಿ. ಅವತ್ತು ಗುರುವಾರ.

6/7

ಈ ಸಲ ಫೋನ್ ಮಾಡಲಿಲ್ಲ, ಬರೆದು ಕಳಿಸಿದೆ. ಗೋದಾಮಿನಲ್ಲಿ ಫೋನ್ ಎತ್ತೋ ಮನುಷ್ಯ ಒಂದು ಕೈಯಲ್ಲಿ ಪೆನ್ನು, ಇನ್ನೊಂದು ಕೈಯಲ್ಲಿ ಫೋನು, ಹಿಂದೆ ಹಮಾಲರ ಗದ್ದಲ ಇಟ್ಟುಕೊಂಡು ನಿಂತಿರ್ತಾನೆ. ಅವನಿಗೆ ಅಂಕಿ ಬಾಯಲ್ಲಿ ಹೇಳಿದ್ರೆ 4417 ಅನ್ನೋದು 4470 ಆಗುತ್ತೆ. ಎಲ್ಆರ್‌ನ ಫೋಟೋ ಹಾಕಿ, ಕೆಳಗೆ ಇಷ್ಟು ಬರೆದೆ (ಮೂರನೇ ಫೋಟೋ):

"ನಮಸ್ಕಾರ ಅಣ್ಣಾರ. ಅಥಣಿ ಬುಕಿಂಗ್, ಎಲ್ಆರ್ ಕೊನೆ ಅಂಕಿ 4417, ಸೋಮವಾರದ್ದು. ಬೆಂಗಳೂರಿಗೆ, 6 ನಗ, ಚಪ್ಪಲಿ. ಮಂಗಳವಾರ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಇಳಿದಿದೆ ಅಂತ ಡ್ರೈವರ್ ಹೇಳಿದಾರ. ಅಲ್ಲಿಂದ ಬೆಂಗಳೂರಿಗೆ ಏರಿದ ಚಲನ್ ನಂಬರ್, ತಾರೀಖು, ಗಾಡಿ ನಂಬರ್ ಮತ್ತು ಏರಿದ ನಗ ಎಷ್ಟು ಅಂತ ತಿಳಿಸ್ರಿ. ಏರಿಲ್ಲ ಅಂದ್ರ ಇವತ್ತು ಯಾವ ಗಾಡಿಗೆ ಹಾಕ್ತೀರಿ ಹೇಳ್ರಿ. ಇ-ವೇ ಬಿಲ್ಲು ನಾಳೆ ರಾತ್ರಿ 12ಕ್ಕೆ ಮುಗೀತೈತಿ, ಭಾಗ ಬಿ ಯಲ್ಲಿ ಇನ್ನೂ ಹಳೇ ಗಾಡಿ ಐತ್ರಿ."

ಅಥಣಿ ಆಫೀಸಿನ ಅಣ್ಣ ಇದನ್ನ ಹಾಗೇ ಹುಬ್ಬಳ್ಳಿಗೆ ದಾಟಿಸಿದ. ಅವನು ಏನೂ ಸೇರಿಸಬೇಕಾಗಿರಲಿಲ್ಲ, ಏನೂ ಕೇಳಬೇಕಾಗಿರಲಿಲ್ಲ. ಮುಕ್ಕಾಲು ತಾಸಿನಲ್ಲಿ ಉತ್ತರ ಬಂತು: ಬುಧವಾರ ರಾತ್ರಿ ಚಲನ್, ಒಂದು ಕೆಎ-25 ಲಾರಿ, ನಗ 5.

ಐದು!

ಆರನೇದರ ಬಗ್ಗೆ ಕೇಳದೇ ಹೋಗಿದ್ರೆ "ಗಾಡಿ ಬಿಟ್ಟೈತಿ" ಅನ್ನೋ ಮಾತು ನಿಜವೇ ಆಗಿರ್ತಿತ್ತು, ನಾವು ನಿಶ್ಚಿಂತೆಯಿಂದ ಕೂತಿರ್ತಿದ್ವಿ. ಏರಿದ ನಗ ಎಷ್ಟು ಅಂತ ಕೇಳಬೇಕು ಅಂತ ನನಗೆ ಹೊಳೆದದ್ದು ನನ್ನ ಜಾಣತನದಿಂದ ಅಲ್ಲ. ಚಾ ಕುಡಿಯುತ್ತಿದ್ದ ಆ ಡ್ರೈವರ್ ಫೋನ್ ಇಡೋ ಮುಂಚೆ ಹೇಳಿದ್ದ: "ತಮ್ಮಾ, ನಗ ಕೇಳು. ಹುಬ್ಬಳ್ಳ್ಯಾಗ ಒಂದೊಂದ್ಸಲ ಉಳೀತಾವ."

ಒಂದು ಯಾಕೆ ಉಳೀತು? ಸಂಜೆ ಫೋಟೋ ಕಳಿಸಿದರು. ಬಾಕ್ಸಿನ ಮೇಲೆ ನಾವು ಅಂಟಿಸಿದ್ದ ಹಾಳೆ ಕಿತ್ತು ಹೋಗಿತ್ತು. ಗೋಂದು ಹಚ್ಚಿ ಅಂಟಿಸಿದ್ವಿ, ಮೇಲೆ ಟೇಪ್ ಹಾಕಿರಲಿಲ್ಲ. ಬೇರೆ ಯಾವ ಗುರುತೂ ಇಲ್ಲದ ಬಾಕ್ಸು ಗೋದಾಮಿನ ಮೂಲೆಯಲ್ಲಿ ಅನಾಥವಾಗಿ ಕೂತಿತ್ತು. ಅದು ನಮ್ಮದೇ ಅಂತ ಹೇಗೆ ಗೊತ್ತಾಯ್ತು ಅಂದ್ರೆ, ಬಾಯಿ ಕಟ್ಟಿದ ಹಗ್ಗ ಹಸಿರು, ಅದು ಮಾಮಾ ಮಾತ್ರ ಬಳಸೋ ಹಗ್ಗ. ಪಕ್ಕದ ಮಡಿಕೆ ಸಂದಿಯಲ್ಲಿ ಚಪ್ಪಲಿ ಪಟ್ಟಿ ಕಾಣ್ತಿತ್ತು.

ಈಗ ನಾವು ಪ್ರತಿ ಬಾಕ್ಸಿನ ಎರಡು ಮಗ್ಗುಲಿಗೂ ದಪ್ಪ ಮಾರ್ಕರ್‌ನಿಂದ ಪಡೆಯುವವರ ಊರು, ಎಲ್ಆರ್‌ನ ಕೊನೆ ನಾಲ್ಕಂಕಿ, 1/6, 2/6 ಅಂತ ಬರೀತೀವಿ. ಎಲ್ಆರ್ ನಂಬರ್ ಬುಕಿಂಗ್ ಆದ ಮೇಲೆ ಸಿಗೋದು, ಹಾಗಾಗಿ ಮಾರ್ಕರನ್ನ ಆಫೀಸಿಗೇ ಒಯ್ಯಬೇಕು. ಮಾಮಾನ ಕಿಸೆಯಲ್ಲಿ ಈಗ ಎಲ್ಆರ್ ಬದಲು ಮಾರ್ಕರ್ ಇರುತ್ತೆ.

7/7

ಮುಂದೆ ಏನಾಯ್ತು ಅಂತ ಕೇಳ್ತೀರಿ, ಹೇಳ್ತೀನಿ.

ಕೆಎ-25 ನಂಬರು, ಚಲನ್ ನಂಬರು, ಎಲ್ಆರ್ ಫೋಟೋ, ಬೆಂಗಳೂರು ಗೋದಾಮಿನ ಫೋನು, ನಾಲ್ಕನ್ನೂ ಒಂದೇ ಮೆಸೇಜಿನಲ್ಲಿ ಅಂಗಡಿಯವರಿಗೆ ಕಳಿಸಿದೆ. ಬೆಳಿಗ್ಗೆ ಕಳಿಸಿದ ನಂಬರ್ ತಪ್ಪು, ಅದನ್ನ ಅಳಿಸಿಬಿಡ್ರಿ ಅಂತಲೂ ಬರೆದೆ. ಡಿಲಿವರಿ ಗೋದಾಮಿನಲ್ಲೇ ಅಂತ ಇದೆ, ನೀವೇ ಹೋಗಿ ಬಿಡಿಸಿಕೊಳ್ಳಬೇಕು, ಐದು ಬಂದಿದ್ರೆ ರಸೀದಿ ಮೇಲೆ "5 ಬಂದಿದೆ, 1 ಕಡಿಮೆ" ಅಂತ ಬರೆದೇ ಸಹಿ ಹಾಕ್ರಿ ಅಂದೆ. ಸುಮ್ನೆ ಸಹಿ ಹಾಕಿದ್ರೆ ಆರೂ ಮುಟ್ಟಿದ ಲೆಕ್ಕ ಆಗುತ್ತೆ. ಆಮೇಲೆ ಹಸಿರು ಹಗ್ಗದ ಕಥೆ ಯಾರೂ ಕೇಳಲ್ಲ. ಅವರು ಶುಕ್ರವಾರ ಬೆಳಿಗ್ಗೆ ಹೋಗಿ ಐದು ಬಾಕ್ಸ್ ತಗೊಂಡರು, ಹಾಗೇ ಬರೆದು ಸಹಿ ಹಾಕಿ ಫೋಟೋ ಕಳಿಸಿದರು.

ಆರನೇದು ಶುಕ್ರವಾರ ರಾತ್ರಿಯ ಗಾಡಿಗೆ. ಬಿಲ್ಲಿನ ಅವಧಿ ಅದೇ ರಾತ್ರಿ ಹನ್ನೆರಡಕ್ಕೆ ಮುಗೀತಿತ್ತು, ಗಾಡಿ ದಾರಿಯಲ್ಲಿರೋವಾಗಲೇ. ಅವಧಿ ವಿಸ್ತರಿಸೋಕೆ ಬರುತ್ತೆ, ಆದರೆ ಮುಗಿಯೋ ಸಮಯಕ್ಕಿಂತ ಎಂಟು ತಾಸು ಮೊದಲಿನಿಂದ ಮುಗಿದ ಮೇಲೆ ಎಂಟು ತಾಸಿನವರೆಗೆ ಮಾತ್ರ. ಬೆಳಿಗ್ಗೆ ಹತ್ತಕ್ಕೆ ಮಾಡ್ತೀನಿ ಅಂದ್ರೂ ಪೋರ್ಟಲ್ ಬಿಡಲ್ಲ. ಮಾಡಬೇಕಾದವರೂ ನಾವಲ್ಲ, ಮಾಲು ಆಗ ಯಾರ ಕೈಯಲ್ಲಿದೆಯೋ ಆ ಟ್ರಾನ್ಸ್‌ಪೋರ್ಟಿನವರು. ನಾನು ಶುಕ್ರವಾರ ಸಂಜೆ ನಾಲ್ಕಕ್ಕೆ ಸರಿಯಾಗಿ ಹುಬ್ಬಳ್ಳಿಗೆ ಫೋನ್ ಮಾಡಿದೆ. ಐದೂವರೆಗೆ ಮತ್ತೊಮ್ಮೆ. ಏಳಕ್ಕೆ ಇನ್ನೊಮ್ಮೆ. ಏಳೂಕಾಲಿಗೆ Print EWB ಒತ್ತಿದಾಗ ಹೊಸ ಗಾಡಿ, ಹೊಸ ತಾರೀಖು ಕಂಡಿತು.

"ನಿನ್ನ ಒಂದ ಬಾಕ್ಸ್ ಸಲುವಾಗಿ ಎಷ್ಟ ಫೋನ್ ಮಾಡ್ತಿಯೋ ಮಾರಾಯಾ" ಅಂದರು ಅಲ್ಲಿಯ ಅಣ್ಣ. ಬೈದಂಗೂ ಇತ್ತು, ನಕ್ಕಂಗೂ ಇತ್ತು.

ಪ್ಯಾಕಿಂಗ್ ಪಟ್ಟಿ ನೋಡಿದಾಗ ಗೊತ್ತಾಗಿದ್ದು, ಆ ಆರನೇ ಬಾಕ್ಸಿನಲ್ಲಿ ಇದ್ದವು ಹೆಣ್ಮಕ್ಕಳ ಸಣ್ಣ ಅಳತೆಗಳು. ಅದು ಬೆಂಗಳೂರು ಮುಟ್ಟಿದ್ದು ಶನಿವಾರ ಮಧ್ಯಾಹ್ನ, ಗೋದಾಮು ಬೇಗ ಮುಚ್ಚಿತ್ತು. ಭಾನುವಾರ ರಜಾ. ಸೋಮವಾರ ಬಿಡಿಸಿಕೊಂಡಾಗ ಸ್ಟಾಲ್ ಮುಗಿದಿತ್ತು. ಸ್ಟಾಲಿಗೆ ಬಂದ ಎಷ್ಟೋ ಹುಡುಗಿಯರು ಅಳತೆ ಇಲ್ಲ ಅಂತ ವಾಪಸ್ ಹೋದರಂತೆ. ಆ ಇಪ್ಪತ್ತು ಜೋಡಿಯ 12,600 ರೂಪಾಯಿಯನ್ನ ಅಂಗಡಿಯವರು ಕೂಡಲೇ ಕೊಡಲಿಲ್ಲ, ಮಾರಿದ ಮೇಲೆ ಕೊಡ್ತೀನಿ ಅಂದರು. ಮಾಮಾ ಒಪ್ಪಿಕೊಂಡ. ತಪ್ಪು ಟೇಪಿನದು, ಅಂದ್ರೆ ನಮ್ಮದು.

ಮದುವೆಯಿಂದ ಬಂದ ಮೇಲೆ ಮಾಮಾ ಒಂದು ಹಳೇ ಡೈರಿ ತೆಗೆದು ಗೀಟು ಹಾಕಿಸಿದ. ನಾಲ್ಕನೇ ಫೋಟೋ ಅದರದು. ಎಲ್ಆರ್ ನಂಬರ್, ತಾರೀಖು, ನಗ, ಡಿಲಿವರಿ ಎಲ್ಲಿ, ಇ-ವೇ ಬಿಲ್ಲು ಮುಗಿಯೋ ದಿನ. ಗಾಡಿ ನಂಬರಿಗೆ ಮಾತ್ರ ಒಂದು ಮನೆ ಸಾಕಾಗಲ್ಲ ಅಂತ ಮೂರು ಮನೆ ಬಿಟ್ಟಿದ್ದೀವಿ. ಮೊದಲನೇದು ತುಂಬಿದೆ, ಕೆಎ-23, ಇವತ್ತು ಸಂಜೆ ಮೈಸೂರಿಗೆ ಹೊರಟ ನಾಲ್ಕು ನಗ. ಎರಡನೇ ಮನೆ ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಕೇಳಿ ತುಂಬಬೇಕು.